ಭಾನುವಾರ ಸಂಜೆ ಆರೂವರೆಗೆ ನಾಟಕ

ಮೈಸೂರಿನಲ್ಲಿ ‘ಭಾನುವಾರ ಸಂಜೆ ಏನು ಕಾರ್ಯಕ್ರಮ’ ಎಂದು ಯಾರಾದರೂ ಕೇಳಿದರೆ, ನಾಟಕ ನೋಡುವವರ ಬಳಿ ಉತ್ತರ ಸಿದ್ಧವಿರುತ್ತದೆ: ‘ಆರೂವರೆಗೆ ನಾಟಕ ಇದೆ.’ ಎಲ್ಲಿ ಎಂಬುದಷ್ಟೇ ವಾರದಿಂದ ವಾರಕ್ಕೆ ಬದಲಾಗುತ್ತದೆ. ಕಲಾಮಂದಿರದ ಆವರಣದಲ್ಲಿ ರಂಗಾಯಣದ ಭೂಮಿಗೀತವಿದೆ, ಪಕ್ಕದಲ್ಲೇ ಕಿರುರಂಗಮಂದಿರವಿದೆ. ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಕಟ್ಟಿದ ‘ನಟನ’ದ ರಂಗಮಂದಿರವಿದೆ. ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ಸರ್ಕಾರಿ ರೆಪರ್ಟರಿ. ಅಲ್ಲಿನ ಕಲಾವಿದರಿಗೆ ನಾಟಕವೇ ಉದ್ಯೋಗ. ಈ ಲೇಖನ ಅವರ ಬಗ್ಗೆ ಅಲ್ಲ. ಹಗಲೆಲ್ಲ ಬ್ಯಾಂಕು, ಕಾಲೇಜು, ಅಂಗಡಿ, ಕಾರ್ಖಾನೆಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚುವ ಹವ್ಯಾಸಿಗಳ ಬಗ್ಗೆ. ಅದರಲ್ಲೂ ಅವರು ಒಂದು ವಾರಾಂತ್ಯದ ನಾಟಕವನ್ನು ಊರಿಗೆ ಸಾರುವ ಬಗೆಯ ಬಗ್ಗೆ.

ಹವ್ಯಾಸಿ ರಂಗಭೂಮಿ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1909ರಲ್ಲೇ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತ್ತು. ಮೈಸೂರಿನ ಹವ್ಯಾಸಿ ರಂಗಭೂಮಿ ಎಂದರೆ ಹಳಬರಿಗೆ ನೆನಪಾಗುವುದು ‘ಸಮತೆಂತೋ’. ಸರಸ್ವತಿಪುರಂ ಮಧ್ಯದ ತೆಂಗಿನ ತೋಪಿನ ಮೊದಲಕ್ಷರಗಳನ್ನು ಕೂಡಿಸಿ ಹೆಸರಿಟ್ಟುಕೊಂಡ ತಂಡ ಅದು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ನ. ರತ್ನ ಅವರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ನಿರ್ದೇಶಕರಾಗಿದ್ದವರು, ನಾಟಕಕಾರರಾಗಿ ‘ಎಲ್ಲಿಗೆ?’, ‘ಗೋಡೆ ಬೇಕೆ ಗೋಡೆ’ ಬರೆದವರು. ಹಗಲು ಒಂದು ಕೆಲಸ, ಸಂಜೆ ಇನ್ನೊಂದು ಎಂಬ ಹವ್ಯಾಸಿ ಬದುಕಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಾಟಕದ ತಾಲೀಮಿನ ಬಗ್ಗೆ ಬರೆದವರು ಬಹಳ ಜನ. ಕೈಗೆ ಸಿಗುವ ಕರಪತ್ರದ ಬಗ್ಗೆ, ಅದರಲ್ಲಿರುವ ಟಿಕೆಟ್ ದರ ಮತ್ತು ನಾಲ್ಕು ಸಾಲಿನ ಕಥೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಂಡದೊಳಗೆ ಮಾತ್ರ ಹೆಚ್ಚು ಜಗಳ ಆಗುವುದು ಇವೆರಡರ ಮೇಲೆಯೇ.

ಒಂದು ನಾಟಕವನ್ನೇ ಹಿಡಿದು ನೋಡೋಣ. ಸಂಸರ ‘ವಿಗಡ ವಿಕ್ರಮರಾಯ’ವನ್ನು ಒಂದು ಭಾನುವಾರ ಆಡಬೇಕೆಂದು ತಂಡವೊಂದು ತೀರ್ಮಾನಿಸಿತು ಎಂದುಕೊಳ್ಳಿ. ಸಂಸ ಎಂಬ ಹೆಸರಿನಲ್ಲಿ ಬರೆದ ಸಾಮಿ ವೆಂಕಟಾದ್ರಿ ಅಯ್ಯರ್ 1898ರಲ್ಲಿ ಯಳಂದೂರಿನ ಕಡೆಯ ಅಗರದಲ್ಲಿ ಹುಟ್ಟಿದವರು, 1939ರಲ್ಲಿ ಮೈಸೂರಿನಲ್ಲಿ ತೀರಿಕೊಂಡವರು. ಮೈಸೂರು ಒಡೆಯರ ಚರಿತ್ರೆಯನ್ನೇ ನಾಟಕದ ವಸ್ತುವಾಗಿ ಮಾಡಿಕೊಂಡವರು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಅವರದೇ ಹೆಸರು.

ಮೊದಲ ಪ್ರಶ್ನೆ: ಟಿಕೆಟ್ ಇಡುವುದೋ, ಉಚಿತ ಪ್ರವೇಶವೋ? ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಹಕ್ಕಿನ ಪ್ರಶ್ನೆ ಕೂಡ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಹವ್ಯಾಸಿ ಸಂಘಗಳಿಗೆ ಒಂದು ರಿಯಾಯಿತಿ ಕೊಡುತ್ತದೆ: ಹಣ ಕೊಡದ ಪ್ರೇಕ್ಷಕರ ಮುಂದೆ ನಾಟಕ ಆಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಐವತ್ತು ರೂಪಾಯಿಯ ಟಿಕೆಟ್ ಇಟ್ಟರೂ ಆ ರಿಯಾಯಿತಿಯ ಆಸರೆ ತಪ್ಪುತ್ತದೆ. ಆಗ ನಾಟಕಕಾರರ, ಅವರಿಲ್ಲದಿದ್ದರೆ ವಾರಸುದಾರರ, ಅನುಮತಿ ಬೇಕು. ಬಾಯಿಮಾತು ಸಾಲದು, ಪತ್ರ ಬೇಕು; ಎಷ್ಟು ಪ್ರದರ್ಶನಕ್ಕೆ, ಎಷ್ಟು ಗೌರವಧನ ಎಂಬುದು ಅದರಲ್ಲಿರಬೇಕು.

ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದರೆ ಸಾಮಾನ್ಯವಾಗಿ ಹಕ್ಕು ಮುಗಿಯುತ್ತದೆ. ಸಂಸರ ವಿಷಯದಲ್ಲಿ ಅದು ಎಂದೋ ಮುಗಿದ ಮಾತು. 1946ರಲ್ಲಿ ತೀರಿಕೊಂಡ ಕೈಲಾಸಂ ಕೂಡ ಆ ಗಡಿ ದಾಟಿದ್ದಾರೆ. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳಿಗೆ 2044ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರವಕ್ಕೆ 2054ರ ಕೊನೆಯವರೆಗೆ ಹಕ್ಕು ಉಳಿದಿದೆ. ಇಲ್ಲೊಂದು ಎಡವಟ್ಟು ಆಗುವುದುಂಟು. ಹಳೆಯ ನಾಟಕ ಎಂದುಕೊಂಡು ಈಗಿನವರು ಯಾರೋ ಮಾಡಿದ ರಂಗರೂಪವನ್ನು ಎತ್ತಿಕೊಳ್ಳುತ್ತಾರೆ. ಮೂಲದ ಹಕ್ಕು ಮುಗಿದಿದ್ದರೂ ಆ ರಂಗರೂಪದ ಹಕ್ಕು ಮಾಡಿದವರದೇ. ಕರಪತ್ರದಲ್ಲಿ ‘ರಚನೆ’ ಮತ್ತು ‘ರಂಗರೂಪ’ ಎಂದು ಎರಡು ಸಾಲು ಬೇರೆಬೇರೆಯಾಗಿ ಬರುವುದು ಈ ಕಾರಣಕ್ಕೂ ಹೌದು.

ಇನ್ನು ದರ. ಲೆಕ್ಕ ಸುಲಭವಾಗಲೆಂದು ಇನ್ನೂರು ಆಸನದ ಸಭಾಂಗಣ, ನೂರು ರೂಪಾಯಿ ಟಿಕೆಟ್ ಎಂದು ಇಟ್ಟುಕೊಳ್ಳಿ. ಕಾಗದದ ಮೇಲೆ ಇಪ್ಪತ್ತು ಸಾವಿರ ರೂಪಾಯಿ. ಅದರಲ್ಲಿ ಹಿರಿಯ ರಂಗಕರ್ಮಿಗಳು, ಪತ್ರಕರ್ತರು, ನೆರವಾದವರು ಎಂದು ಇಪ್ಪತ್ತು ಗೌರವ ಪಾಸು ಹೋದರೆ ಉಳಿಯುವುದು 180 ಆಸನ. ಖರ್ಚಿನ ಪಟ್ಟಿಯಲ್ಲಿ ಸಭಾಂಗಣದ ಬಾಡಿಗೆ, ಬೆಳಕು ಮತ್ತು ಧ್ವನಿಯ ಬಾಡಿಗೆ, ಪ್ರಸಾಧನ, ವಸ್ತ್ರ, ರಂಗಸಜ್ಜಿಕೆ, ಅದನ್ನು ಸಾಗಿಸುವ ಗಾಡಿ, ಕರಪತ್ರ, ಕಾಫಿ ತಿಂಡಿ ಇರುತ್ತವೆ. ನಟರ ಸಂಭಾವನೆ ಎಂಬ ಸಾಲೇ ಇರುವುದಿಲ್ಲ. ‘ವಿಗಡ ವಿಕ್ರಮರಾಯ’ ದರ್ಬಾರಿನ ನಾಟಕವಾದ್ದರಿಂದ ವಸ್ತ್ರದ ಖರ್ಚು ಏರುತ್ತದೆ. ಖರ್ಚು ಹದಿನೈದು ಸಾವಿರಕ್ಕೆ ನಿಂತಿತು ಎಂದುಕೊಂಡರೆ, 150 ಟಿಕೆಟ್ ಮಾರಿದ ಮೇಲೆಯೇ ತಂಡ ಕೈಯಿಂದ ಹಾಕಿದ್ದು ವಾಪಸು ಬರುವುದು. ಜಿಎಸ್‌ಟಿಯ ಚಿಂತೆ ಇಲ್ಲ. ನಾಟಕದ ಟಿಕೆಟ್ ಐನೂರು ರೂಪಾಯಿ ದಾಟದಿದ್ದರೆ ಪ್ರವೇಶದರಕ್ಕೆ ವಿನಾಯಿತಿ ಇದೆ.

ಲೆಕ್ಕ ತಪ್ಪುವುದು ‘ಎತ್ತಿಟ್ಟಿರಿ’ ಎಂಬ ಒಂದು ಮಾತಿನಿಂದ. ಫೋನಿನಲ್ಲಿ ‘ನನಗೆ ನಾಲ್ಕು ಟಿಕೆಟ್ ಎತ್ತಿಟ್ಟಿರಿ, ಬಾಗಿಲಲ್ಲಿ ದುಡ್ಡು ಕೊಡ್ತೀನಿ’ ಎಂದವರ ಹೆಸರು ಪಟ್ಟಿಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಗುರುವಾರದ ಹೊತ್ತಿಗೆ ನೂರನಲವತ್ತು ಆಯಿತು ಎಂದು ತಂಡ ಸಂಭ್ರಮಿಸುತ್ತದೆ. ಭಾನುವಾರ ಸಂಜೆ ಮಳೆ ಹಿಡಿದರೆ, ಕ್ರಿಕೆಟ್ ಇದ್ದರೆ, ಮದುವೆ ಮುಹೂರ್ತ ದಟ್ಟವಾಗಿದ್ದರೆ ಆ ಪಟ್ಟಿಯ ದೊಡ್ಡ ಪಾಲು ಬರುವುದೇ ಇಲ್ಲ. ಇತ್ತ ‘ಎಲ್ಲ ಹೋಗಿದೆಯಂತೆ’ ಎಂಬ ಸುದ್ದಿ ಕೇಳಿ ನಿಜವಾಗಿ ಬರಬೇಕಾದವರು ಮನೆಯಲ್ಲೇ ಉಳಿದಿರುತ್ತಾರೆ. ಅನುಭವವಿದ್ದ ತಂಡಗಳು ಹೆಸರನ್ನು ಎಣಿಸುವುದಿಲ್ಲ, ಟಿಕೆಟ್ ಪುಸ್ತಕದ ಅರ್ಧಚೀಟಿ ಮತ್ತು ಬಂದ ಹಣ ಎರಡನ್ನೇ ಎಣಿಸುತ್ತವೆ. ಪ್ರತಿ ನಟನಿಗೆ ಹತ್ತು ಟಿಕೆಟ್ ಕೊಟ್ಟು ಶುಕ್ರವಾರ ರಾತ್ರಿಯ ತಾಲೀಮಿನಲ್ಲಿ ಲೆಕ್ಕ ಕೇಳುತ್ತವೆ. ಮಾರದೆ ಉಳಿದವು ಆ ರಾತ್ರಿಯೇ ವಾಪಸು ಬರಬೇಕು. ಫೋನಿನಲ್ಲಿ ಹೇಳಿದವರಿಗೆ ‘ಆರೂಕಾಲಿನವರೆಗೆ ಮಾತ್ರ ಕಾಯ್ದಿರಿಸಿರುತ್ತೇವೆ’ ಎಂದು ಮೊದಲೇ ಹೇಳಿಬಿಡುತ್ತವೆ.

ಟಿಕೆಟ್ ಮಾರುವುದು ಕೊನೆಗೂ ಆ ನಾಲ್ಕು ಸಾಲಿನ ಕಥೆ. ಕರಪತ್ರದ ಕೆಳಭಾಗದಲ್ಲಿ ಅದಕ್ಕೆ ಸಿಗುವ ಜಾಗ ಒಂದು ಅಂಗೈಯಷ್ಟು. ಬರೆಯಲು ಕೂತ ತಂಡದಿಂದ ಮೊದಲು ಬರುವ ಸಾಲು ಬಹುಪಾಲು ಹೀಗಿರುತ್ತದೆ: ‘ಅಧಿಕಾರದಾಹದ ಕರಾಳ ಮುಖವನ್ನು ಅನಾವರಣಗೊಳಿಸುವ, ಇಂದಿಗೂ ಪ್ರಸ್ತುತವಾದ ಅಪೂರ್ವ ಚಾರಿತ್ರಿಕ ನಾಟಕ.’ ಇದರಲ್ಲಿ ತಪ್ಪಿಲ್ಲ, ಕಥೆಯೂ ಇಲ್ಲ. ‘ಮ್ಯಾಕ್‌ಬೆತ್’ಗೂ ‘ತುಘಲಕ್’ಗೂ ಇದೇ ಸಾಲನ್ನು ಅಂಟಿಸಬಹುದು. ಓದಿದವನಿಗೆ ಊರು ಕಾಣಲಿಲ್ಲ, ಮನುಷ್ಯ ಕಾಣಲಿಲ್ಲ.

ಇದನ್ನು ತಿದ್ದಲು ಹೋದವರು ಇನ್ನೊಂದು ತುದಿಗೆ ಹೋಗುತ್ತಾರೆ. ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದ, ಬಳಿಕ ಕಂಠೀರವ ನರಸರಾಜ ಒಡೆಯರನ್ನು ಪಟ್ಟಕ್ಕೆ ಕರೆಸಿದ, ಆಮೇಲೆ ಏನಾಯಿತು ಎಂಬುದನ್ನೂ ಬರೆದು ಮುಗಿಸಿಬಿಡುತ್ತಾರೆ. ಶಾಲೆಯ ಪಾಠದಂತೆ ಎಲ್ಲವೂ ಇದೆ, ಟಿಕೆಟ್ ಕೊಳ್ಳಲು ಕಾರಣ ಮಾತ್ರ ಉಳಿದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೈಸೂರಿನ ಪ್ರೇಕ್ಷಕರಲ್ಲಿ ರಣಧೀರ ಕಂಠೀರವನ ಹೆಸರು ಕೇಳದವರು ಕಡಿಮೆ. 1638ರಿಂದ 1659ರವರೆಗೆ ಆತ ಆಳಿದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಗೆದ್ದವರು ಯಾರು ಎಂಬುದು ಗುಟ್ಟಾಗಿ ಉಳಿಯುವಂಥದ್ದಲ್ಲ. ದೊರೆಗಳನ್ನು ಕೂರಿಸಿ ಇಳಿಸುವಷ್ಟು ಬಲಿಷ್ಠನಾದವನ ಎದುರು ಹೊಸದಾಗಿ ಬಂದ ಯುವಕ ಹೇಗೆ ಉಳಿಯುತ್ತಾನೆ ಎಂಬುದರ ಮೇಲೆ ಕುತೂಹಲ ನಿಲ್ಲಬೇಕು. ಅದನ್ನು ಹಿಡಿದು ಬರೆದರೆ ಸಾಲುಗಳು ಹೀಗಾಗಬಹುದು:

‘ಶ್ರೀರಂಗಪಟ್ಟಣ, 1638. ಪಟ್ಟಕ್ಕೆ ಬಂದ ಒಡೆಯರು ಹೆಚ್ಚು ದಿನ ಬಾಳಲಿಲ್ಲ. ಏಕೆಂದು ಕೋಟೆಯೊಳಗೆ ಎಲ್ಲರಿಗೂ ಗೊತ್ತು, ಬಾಯಿಬಿಡುವವರಿಲ್ಲ. ಸೈನ್ಯವೆಲ್ಲ ದಳವಾಯಿ ವಿಕ್ರಮರಾಯನ ಮಾತಿಗೆ. ಹೊಸ ದೊರೆಯಾಗಿ ತೆರಕಣಾಂಬಿಯಿಂದ ಕಂಠೀರವ ಬರುತ್ತಿದ್ದಾನೆ. ಕರೆಸಿದವನೂ ಅದೇ ದಳವಾಯಿ.’

ಊರು, ಇಸವಿ, ಇಬ್ಬರು ಮನುಷ್ಯರು, ಅವರ ನಡುವಿನ ಗಂಟು ಎಲ್ಲವೂ ಬಂದವು. ಗಂಟು ಬಿಚ್ಚುವ ಮೊದಲೇ ಸಾಲು ನಿಂತಿತು. ಇದನ್ನು ಪರೀಕ್ಷಿಸುವ ಬಗೆಯೂ ಸುಲಭ. ನಾಟಕ ಓದದ ಒಬ್ಬರಿಗೆ ಇದನ್ನು ಓದಿ ಹೇಳಬೇಕು. ‘ಆಮೇಲೆ?’ ಎಂದರೆ ಕರಪತ್ರ ಮುದ್ರಣಕ್ಕೆ ಹೋಗಬಹುದು. ‘ಚೆನ್ನಾಗಿದೆ’ ಎಂದು ತಲೆಯಾಡಿಸಿದರೆ ಮತ್ತೆ ಬರೆಯಬೇಕು.

ಕಥೆಯ ಜೊತೆಗೆ ಪ್ರೇಕ್ಷಕರಿಗೆ ಮೊದಲೇ ತಿಳಿಸಬೇಕಾದದ್ದು ಇನ್ನೊಂದಿದೆ. ಸಂಸರ ಸಂಭಾಷಣೆಯಲ್ಲಿ ಹಳಗನ್ನಡದ ಬಿಗಿ ಇದೆ. ಕೈಲಾಸಂ ನಾಟಕದ ಹಾಗೆ ಮನೆಮಾತಿನಲ್ಲಿ ಸಾಗುವುದಿಲ್ಲ. ‘ಮಕ್ಕಳೂ ನೋಡಿ ನಗಬಹುದಾದ ನಾಟಕ’ ಎಂದುಕೊಂಡು ಬಂದ ಮನೆಮಂದಿ ಮಧ್ಯದಲ್ಲಿ ಎದ್ದುಹೋದರೆ ತಪ್ಪು ಅವರದಲ್ಲ, ಕರಪತ್ರದ್ದು. ‘ಚಾರಿತ್ರಿಕ ನಾಟಕ, ಹಳೆಯ ಮೈಸೂರಿನ ಆಸ್ಥಾನದ ನುಡಿಯಲ್ಲಿ’ ಎಂಬ ಒಂದು ಸಾಲು ಕೆಲವು ಟಿಕೆಟ್ ಕಳೆಯಬಹುದು, ಆದರೆ ಸಭಾಂಗಣದಲ್ಲಿ ಕೂತು ಕೇಳುವವರನ್ನು ತರುತ್ತದೆ. ಅವಧಿ ಎಷ್ಟು, ಮಧ್ಯಂತರ ಇದೆಯೇ ಎಂಬುದನ್ನೂ ಹಾಕಬೇಕು. ಸಿಟಿ ಬಸ್ಸಿನಲ್ಲಿ ಬರುವವರು ಅದನ್ನು ನೋಡಿಯೇ ಹೊರಡುವುದು.

ಈ ವಾರ ಯಾವುದಾದರೂ ಹವ್ಯಾಸಿ ತಂಡದ ಕರಪತ್ರ ನಿಮ್ಮ ಕೈಗೆ ಬಂದರೆ ದಿನ, ಸ್ಥಳ, ದರ ನೋಡಿದ ಮೇಲೆ ಆ ನಾಲ್ಕು ಸಾಲನ್ನೂ ಓದಿ. ‘ಆಮೇಲೆ?’ ಎನ್ನಿಸಿದರೆ ಎತ್ತಿಡಲು ಹೇಳಬೇಡಿ, ಹಣ ಕೊಟ್ಟು ಟಿಕೆಟ್ ಇಸಿದುಕೊಳ್ಳಿ. ಆರೂಕಾಲಿಗೆ ಬಾಗಿಲಲ್ಲಿರಿ. ಪಾಸು ಕೇಳುವಷ್ಟು ಹತ್ತಿರದವರಾದರೆ, ಪಾಸು ಕೇಳದಷ್ಟು ಹತ್ತಿರದವರಾಗಿ.