ನೆಟ್ಟಗೆ ನಿಂತ ತಲೆಬರಹ

ಸರ್ಕಾರಿ ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೊಬ್ಬರು, ಶಿಕ್ಷಕರ ಮಾತಿನಲ್ಲಿ ಸಿಆರ್‌ಪಿ, ತಮ್ಮ ವ್ಯಾಪ್ತಿಯ 18 ಶಾಲೆಗಳ ಸೌಕರ್ಯದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದಾರೆ ಎಂದುಕೊಳ್ಳೋಣ. ಎಡಗಡೆ ಕ್ರಮ ಸಂಖ್ಯೆ, ಅದರ ಪಕ್ಕ ಶಾಲೆಯ ಹೆಸರು. ಆಮೇಲೆ 22 ಕಾಲಂಗಳು: ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ, ಅಡುಗೆಕೋಣೆ, ಕಾಂಪೌಂಡ್, ಗ್ರಂಥಾಲಯ, ಆಟದ ಮೈದಾನ, ವಿದ್ಯುತ್ ಸಂಪರ್ಕ, ಹೀಗೆ. ಸೌಕರ್ಯ ಇದ್ದರೆ 1, ಇಲ್ಲದಿದ್ದರೆ 0. ಕೊನೆಯ ಮೂರು ಕಾಲಂಗಳಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಒಟ್ಟು ಮಕ್ಕಳ ಸಂಖ್ಯೆ.

ಈ ಪಟ್ಟಿಯ ತೊಡಕು ನೋಡಿದ ಕೂಡಲೇ ಕಾಣುತ್ತದೆ. ಒಳಗಿರುವುದು ಒಂದೇ ಒಂದು ಅಂಕಿ, ಅದರ ತಲೆಯ ಮೇಲಿರುವುದು ಎರಡು ಉದ್ದನೆಯ ಪದ. ತಲೆಬರಹ ಪೂರ್ತಿ ಕಾಣಲೆಂದು ಕಾಲಂ ಅಗಲ ಮಾಡಿದರೆ ಒಂದು ಸೊನ್ನೆಗೂ ಇನ್ನೊಂದು ಸೊನ್ನೆಗೂ ನಡುವೆ ಬಯಲು ಬಿದ್ದುಕೊಳ್ಳುತ್ತದೆ. ಸಾಲಿನುದ್ದಕ್ಕೆ ಕಣ್ಣು ಓಡಿಸುವವರು ನಡುದಾರಿಯಲ್ಲಿ ಮೇಲಿನ ಶಾಲೆಗೋ ಕೆಳಗಿನ ಶಾಲೆಗೋ ಜಾರಿಬಿಡುತ್ತಾರೆ.

ಕಾಗದದ ಮೇಲೆ ಈ ಬಯಲಿಗೆ ಬೆಲೆಯೂ ಇದೆ. ಕ್ಯಾಲಿಬ್ರಿ 11 ಅಕ್ಷರಶೈಲಿಯ ವರ್ಕ್‌ಬುಕ್ಕಿನಲ್ಲಿ ಎಕ್ಸೆಲ್ ತಾನಾಗಿ ಕೊಡುವ ಕಾಲಂ ಅಗಲ 8.43. ಈ ಅಂಕಿ ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ. ಆ ಅಕ್ಷರಶೈಲಿಯ ಸೊನ್ನೆಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ಹಿಡಿಸುತ್ತವೆ ಎಂಬ ಲೆಕ್ಕ. ತೆರೆಯ ಮೇಲೆ ಅದು 64 ಪಿಕ್ಸೆಲ್. ಅಂಥ 22 ಕಾಲಂಗಳು, ಜೊತೆಗೆ ಕ್ರಮ ಸಂಖ್ಯೆಗೆ 33 ಪಿಕ್ಸೆಲ್, ಶಾಲೆಯ ಹೆಸರಿಗೆ 201 ಪಿಕ್ಸೆಲ್ ಸೇರಿದರೆ ಒಟ್ಟು 1642. ಇಂಚಿಗೆ 96 ಪಿಕ್ಸೆಲ್‌ನಂತೆ ಇದು ಹದಿನೇಳು ಇಂಚು ದಾಟುತ್ತದೆ. ಎ4 ಹಾಳೆಯನ್ನು ಅಡ್ಡ ಹಾಕಿ, ಎಕ್ಸೆಲ್‌ನ ಮಾಮೂಲಿ ಅಂಚು ಬಿಟ್ಟರೆ ಉಳಿಯುವುದು ಸುಮಾರು 10.3 ಇಂಚು ಮಾತ್ರ. ಒಂದೇ ಪುಟಕ್ಕೆ ಕೂರಿಸು ಎಂದು ಎಕ್ಸೆಲ್‌ಗೆ ಹೇಳಿದರೆ ಅದು ಇಡೀ ಪಟ್ಟಿಯನ್ನು ಶೇಕಡಾ 60ಕ್ಕೆ ಕುಗ್ಗಿಸುತ್ತದೆ. 11 ಪಾಯಿಂಟ್ ಅಕ್ಷರ 6.6 ಪಾಯಿಂಟ್ ಆಗುತ್ತದೆ. ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಮಸಿಯ ಚುಕ್ಕೆಗಳಂತೆ ಕಾಣುತ್ತವೆ.

ತಲೆಬರಹವನ್ನು ನೆಟ್ಟಗೆ ನಿಲ್ಲಿಸುವುದು ಇದಕ್ಕೆ ಪರಿಹಾರ. ಪದದ ಉದ್ದ ಆಗ ಸಾಲಿನ ಎತ್ತರಕ್ಕೆ ಹೋಗುತ್ತದೆ, ಕಾಲಂಗೆ ಬೇಕಾಗುವುದು ಅಕ್ಷರದ ಎತ್ತರದಷ್ಟೇ ಜಾಗ. ಕಾಲಂ ಅಗಲವನ್ನು 4ಕ್ಕೆ ಇಳಿಸಿದರೆ ತಲಾ 33 ಪಿಕ್ಸೆಲ್. 22 ಕಾಲಂಗೆ 726, ಎಡಗಡೆಯ ಎರಡು ಕಾಲಂ ಸೇರಿ 960. ಹಾಳೆಯಲ್ಲಿ ಹಿಡಿಸುವುದು ಸುಮಾರು 988. ಅಕ್ಷರ ಒಂದಿಷ್ಟೂ ಕುಗ್ಗದೆ ಪಟ್ಟಿ ಒಂದೇ ಪುಟದಲ್ಲಿ ಕೂರುತ್ತದೆ.

ಮಾಡುವ ಬಗೆ ಸುಲಭ, ಆದರೆ ಕ್ರಮ ತಪ್ಪಬಾರದು. ಶಾಲೆಯ ಹೆಸರಿನ ತಲೆಬರಹವನ್ನು ಹಾಗೇ ಅಡ್ಡಲಾಗಿ ಬಿಟ್ಟು, ಉಳಿದ 22 ತಲೆಬರಹಗಳ ಸೆಲ್‌ಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಮೊದಲು ಆ ಸಾಲಿನ ಎತ್ತರ: ಎಡಗಡೆಯ ಸಾಲಿನ ಸಂಖ್ಯೆಯ ಮೇಲೆ ಬಲಗುಂಡಿ ಒತ್ತಿ, Row Height ಎಂಬಲ್ಲಿ 110 ಎಂದು ಕೊಡಬೇಕು. ಸಾಲಿನ ಎತ್ತರವನ್ನು ಎಕ್ಸೆಲ್ ಪಾಯಿಂಟ್‌ನಲ್ಲಿ ಅಳೆಯುತ್ತದೆ, 72 ಪಾಯಿಂಟ್ ಅಂದರೆ ಒಂದು ಇಂಚು. ಹಾಗಾಗಿ 110 ಎಂದರೆ ಕಾಗದದ ಮೇಲೆ ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ. ಆಮೇಲೆ ಆ 22 ಸೆಲ್‌ಗಳನ್ನು ಮತ್ತೆ ಆರಿಸಿಕೊಂಡು Ctrl+1 ಒತ್ತಿದರೆ Format Cells ಪೆಟ್ಟಿಗೆ ತೆರೆಯುತ್ತದೆ. ಅದರ Alignment ಪುಟದಲ್ಲಿ Degrees ಎಂಬಲ್ಲಿ 90 ಬರೆದು, Wrap text ಮುಂದೆ ಗುರುತು ಹಾಕಿ, Horizontal ಎಂಬಲ್ಲಿ Center, Vertical ಎಂಬಲ್ಲಿ Bottom ಆರಿಸಬೇಕು. ಕೊನೆಗೆ 22 ಕಾಲಂಗಳನ್ನೂ ಒಟ್ಟಿಗೆ ಹಿಡಿದು Column Width ಅನ್ನು 4 ಮಾಡಬೇಕು.

ಎತ್ತರ ಮೊದಲು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಡ್ಡ ಬರಹದಲ್ಲಿ Wrap text ಕಾಲಂನ ಅಗಲ ನೋಡಿಕೊಂಡು ಸಾಲು ಮುರಿಯುತ್ತದೆ. ಬರಹ ನೆಟ್ಟಗಾದ ಮೇಲೆ ಅದು ನೋಡುವುದು ಸಾಲಿನ ಎತ್ತರವನ್ನು. ಸಾಲು ಗಿಡ್ಡವಾಗಿದ್ದಾಗಲೇ Wrap text ಹಾಕಿದರೆ ‘ಹೆಣ್ಣುಮಕ್ಕಳ ಶೌಚಾಲಯ’ ಎರಡೆರಡು ಅಕ್ಷರಗಳ ಚೂರುಗಳಾಗಿ ಪಕ್ಕಪಕ್ಕ ಸಾಲುಗಟ್ಟುತ್ತದೆ, ಅವುಗಳಲ್ಲಿ ಬಹುಪಾಲು ಕಿರಿದಾದ ಕಾಲಂನ ಆಚೆ ಮರೆಯಾಗುತ್ತವೆ. ಸಾಲಿನ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್ ತಾನೇ ಎತ್ತರ ಸರಿಮಾಡಲಿ ಎಂದು ಬಿಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ತಿರುಗಿಸಿ ಮಡಚಿದ ಬರಹಕ್ಕೆ ಎತ್ತರವನ್ನು ಕೈಯಾರೆ ಕೊಡುವುದೇ ಭರವಸೆಯ ದಾರಿ.

ಕನ್ನಡದ ತಲೆಬರಹಕ್ಕೆ ಇನ್ನೊಂದು ಎಚ್ಚರ ಬೇಕು. 90 ಡಿಗ್ರಿ ತಿರುಗಿದ ಬರಹವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಅಕ್ಷರಗಳ ಬುಡ ಬಲಕ್ಕೆ ತಿರುಗಿರುತ್ತದೆ. ಅಂದರೆ ‘ವಿದ್ಯುತ್’ ಎಂಬುದರ ಯ ಒತ್ತು, ‘ಮಕ್ಕಳ’ ಎಂಬುದರ ಕ ಒತ್ತು ಕಾಲಂನ ಬಲ ಗೆರೆಯತ್ತ ಚಾಚಿಕೊಂಡಿರುತ್ತವೆ. ಕಾಲಂ ತೀರಾ ಕಿರಿದಾದರೆ ಮೊದಲು ಪೆಟ್ಟು ಬೀಳುವುದು ಅವಕ್ಕೇ. ಇಂಗ್ಲಿಷ್ ತಲೆಬರಹ ಹಾಯಾಗಿ ಕೂರುವ ಅಗಲದಲ್ಲಿ ಕನ್ನಡದ್ದು ಒತ್ತು ಕಳೆದುಕೊಳ್ಳಬಹುದು, ಏಕೆಂದರೆ ಕನ್ನಡ ಅಕ್ಷರ ಮೇಲೂ ಕೆಳಗೂ ಹೆಚ್ಚು ಜಾಗ ಬೇಡುತ್ತದೆ. ಒಂದೇ ಸಾಲಿನ ತಲೆಬರಹಕ್ಕೆ 4 ಸಾಕು. ಎರಡು ಸಾಲಾಗಿ ಮಡಚಿದ್ದಕ್ಕೆ 6 ಕೊಡುವುದು ಒಳ್ಳೆಯದು. ಬಳಸುವ ಕನ್ನಡ ಅಕ್ಷರಶೈಲಿಗೆ ತಕ್ಕಂತೆ ಇದು ತುಸು ಆಚೀಚೆ ಆಗುತ್ತದೆ, ಆದ್ದರಿಂದ ಒತ್ತಕ್ಷರ ಹೆಚ್ಚಿರುವ ತಲೆಬರಹವನ್ನೇ ಆರಿಸಿ Ctrl+P ಒತ್ತಿ ಮುದ್ರಣದ ನೋಟದಲ್ಲಿ ಪರೀಕ್ಷಿಸಬೇಕು.

ಈ ಶಾಲಾ ಪಟ್ಟಿಯಲ್ಲಿ ಆರು ತಲೆಬರಹಗಳು ಎರಡು ಸಾಲಿನವು ಎಂದುಕೊಂಡರೆ ಲೆಕ್ಕ ಬದಲಾಗುತ್ತದೆ. 6 ಅಗಲದ ಕಾಲಂ 47 ಪಿಕ್ಸೆಲ್ ತಿನ್ನುತ್ತದೆ. ಒಟ್ಟು 1044 ಆಗಿ, ಮಾಮೂಲಿ ಅಂಚಿನ ಹಾಳೆಯಿಂದ ಹೊರಗೆ ಜಾರುತ್ತದೆ. Page Layout ಪಟ್ಟಿಯ Margins ಒಳಗೆ Narrow ಆರಿಸಿದರೆ ಎಡಬಲದ ಅಂಚು ತಲಾ ಕಾಲು ಇಂಚಿಗೆ ಇಳಿದು, 1070ರ ಆಸುಪಾಸಿನ ಜಾಗ ಸಿಗುತ್ತದೆ. ಪಟ್ಟಿ ಮತ್ತೆ ಒಂದೇ ಪುಟಕ್ಕೆ ಬರುತ್ತದೆ.

ಎಲ್ಲಿ ಮಡಚಬೇಕೆಂಬುದನ್ನು ಎಕ್ಸೆಲ್‌ಗೆ ಬಿಟ್ಟರೆ ಅದು ಪದಗಳ ನಡುವಿನ ಖಾಲಿ ಜಾಗ ಹುಡುಕುತ್ತದೆ. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಬೆಸೆದುಕೊಂಡು ಉದ್ದವಾಗುವುದರಿಂದ ಅಂಥ ಜಾಗ ಎಷ್ಟೋ ಸಲ ಇರುವುದೇ ಇಲ್ಲ. ಸಾಲಿನ ಎತ್ತರಕ್ಕಿಂತ ಪದ ಉದ್ದವಾದರೆ ಅದು ನಡುವೆಯೇ ತುಂಡಾಗುತ್ತದೆ. ಆಗ ಕೆಲವರು ಸೆಲ್ ಒಳಗೆ ಹೋಗಿ, ಬೇಕಾದ ಕಡೆ Alt+Enter ಒತ್ತಿ ಸಾಲು ಮುರಿಯುತ್ತಾರೆ. ನೋಡಲು ಅಚ್ಚುಕಟ್ಟು, ಆದರೆ ಇಲ್ಲೊಂದು ಗುಟ್ಟಿದೆ. ತಿರುಗಿಸುವುದು, Wrap text ಹಾಕುವುದು ಇವೆರಡೂ ಬರೀ ತೋರಿಕೆಯ ಬದಲಾವಣೆಗಳು, ಸೆಲ್ ಒಳಗಿನ ಬರಹ ಇದ್ದಂತೆಯೇ ಇರುತ್ತದೆ. Alt+Enter ಹಾಗಲ್ಲ. ಅದು ಬರಹದ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತದೆ. ‘ಹೆಣ್ಣುಮಕ್ಕಳ’ ಮತ್ತು ‘ಶೌಚಾಲಯ’ ನಡುವಿನ ಖಾಲಿ ಜಾಗ ತೆಗೆದು ಅಲ್ಲಿ Alt+Enter ಒತ್ತಿದ್ದರೆ, ಮುಂದೊಂದು ದಿನ ಬೇರೊಬ್ಬರು ಅದೇ ತಲೆಬರಹವನ್ನು MATCH ಸೂತ್ರದಲ್ಲಿ ಖಾಲಿ ಜಾಗ ಸಹಿತ ಬರೆದು ಹುಡುಕಿದಾಗ #N/A ಎಂಬ ಉತ್ತರ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಎಕ್ಸೆಲ್‌ಗೆ ಬೇರೆಬೇರೆ. ತಾಲ್ಲೂಕಿನ ಹತ್ತಾರು ಕ್ಲಸ್ಟರ್‌ಗಳ ಪಟ್ಟಿಗಳನ್ನು ಒಟ್ಟುಗೂಡಿಸುವವರಿಗೆ ಇದು ಗಂಟೆಗಟ್ಟಲೆ ತಲೆನೋವು. ಆ ಗುರುತನ್ನು ಮತ್ತೆ ಖಾಲಿ ಜಾಗವಾಗಿಸಲು ಈ ಸೂತ್ರ ಸಾಕು:

```
=SUBSTITUTE(C3,CHAR(10)," ")
```

ಇತರ ಪಟ್ಟಿಗಳ ಜೊತೆ ಸೇರಬೇಕಾದ ಪಟ್ಟಿಯಲ್ಲಿ Alt+Enter ಬಳಸದೆ, ಪದಗಳ ನಡುವೆ ಖಾಲಿ ಜಾಗ ಬಿಟ್ಟು ಬರೆದು, ಸಾಲಿನ ಎತ್ತರವನ್ನೇ ಹೊಂದಿಸುವುದು ಮೇಲು.

Home ಪಟ್ಟಿಯ Orientation ಗುಂಡಿಯಲ್ಲಿ ಬೇರೆ ಆಯ್ಕೆಗಳೂ ಇವೆ. Vertical Text ಅಕ್ಷರಗಳನ್ನು ತಿರುಗಿಸದೆ ಒಂದರ ಕೆಳಗೊಂದು ಜೋಡಿಸುತ್ತದೆ, ಅಂಗಡಿಗಳ ನೇತುಹಾಕಿದ ಫಲಕದ ಹಾಗೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮೈಕೆಲ್ ಬರ್ನ್ 2002ರಲ್ಲಿ ಇಂಗ್ಲಿಷ್ ಬರಹದ ಮೇಲೆ ನಡೆಸಿದ ಪ್ರಯೋಗದಲ್ಲಿ, ಹೀಗೆ ಪೇರಿಸಿದ ಪದಗಳಿಗಿಂತ ತಿರುಗಿಸಿದ ಪದಗಳನ್ನೇ ಜನ ಬೇಗ ಓದಿದರು. ಒತ್ತು, ಕೊಂಬು, ದೀರ್ಘಗಳಿರುವ ಕನ್ನಡಕ್ಕೆ ಪೇರಿಸುವ ಕ್ರಮ ಒಗ್ಗುವುದು ಇನ್ನೂ ಕಷ್ಟ.

45 ಡಿಗ್ರಿಯ ಓರೆ ಬರಹದ ಮಾತು ಬೇರೆ. ಕತ್ತನ್ನು ಪೂರ್ತಿ ವಾಲಿಸದೆ ಓದಬಹುದು, ಅದು ಅದರ ದೊಡ್ಡ ಅನುಕೂಲ. ಆದರೆ ಬರಹ ಓರೆಯಾದಾಗ ಸೆಲ್‌ಗೆ ಹಾಕಿದ ಗೆರೆಗಳೂ ಬಣ್ಣವೂ ಜೊತೆಗೇ ಓರೆಯಾಗುತ್ತವೆ. 110 ಪಾಯಿಂಟ್ ಎತ್ತರದ ಸಾಲಿನಲ್ಲಿ 45 ಡಿಗ್ರಿಯ ಗೆರೆ ಮೇಲಕ್ಕೆ ಹೋದಷ್ಟೇ ದೂರ ಬಲಕ್ಕೂ ಹೋಗುತ್ತದೆ, ಅಂದರೆ ಒಂದೂವರೆ ಇಂಚು. 33 ಪಿಕ್ಸೆಲ್‌ನ ಕಾಲಂಗಳಲ್ಲಿ ಅದು ನಾಲ್ಕು ಕಾಲಂ ದಾಟಿದ ದೂರ. ಕೊನೆಯ ತಲೆಬರಹ ಪಟ್ಟಿಯ ಹೊರಗೆ ಚಾಚುವುದರಿಂದ, ಅಗಲದಲ್ಲಿ ಉಳಿಸಿದ ಜಾಗದ ಒಂದು ಪಾಲನ್ನು ಅಲ್ಲೇ ಕೊಟ್ಟುಬಿಡಬೇಕಾಗುತ್ತದೆ. ಕಾಲಂ ಎಂಟೋ ಹತ್ತೋ ಇರುವ ಪಟ್ಟಿಗೆ ಓರೆ ಬರಹ ಚೆಂದ. 22 ಕಾಲಂ ಇದ್ದರೆ 90 ಡಿಗ್ರಿಯೇ ಸರಿ.

ಕಾಲಂ ಕಿರಿದಾದ ಮೇಲೆ ಒಳಗಿನ ಅಂಕಿಗಳತ್ತಲೂ ಒಮ್ಮೆ ನೋಡಬೇಕು. 4 ಅಗಲದಲ್ಲಿ ಮೂರಂಕಿಯ ಮಕ್ಕಳ ಸಂಖ್ಯೆ ಸಲೀಸಾಗಿ ಕೂರುತ್ತದೆ. ಕೆಳಗಿನ ಒಟ್ಟು ಮೊತ್ತ 1,846 ಎಂದು ಅಲ್ಪವಿರಾಮ ಸಹಿತ ಬಂದರೆ ಮಾತ್ರ ಅಲ್ಲಿ #### ಕಾಣಿಸಿಕೊಳ್ಳಬಹುದು. ಲೆಕ್ಕ ತಪ್ಪಿಲ್ಲ, ಜಾಗ ಸಾಲದು ಎಂದಷ್ಟೇ ಅದರ ಅರ್ಥ. ಆ ಮೂರು ಕಾಲಂಗಳಿಗೆ ತುಸು ಅಗಲ ಕೊಟ್ಟರಾಯಿತು.

ಫಿಲ್ಟರ್ ಹಾಕುವವರಿಗೆ ಬೇರೊಂದು ಇಕ್ಕಟ್ಟು ಎದುರಾಗುತ್ತದೆ. ಫಿಲ್ಟರ್‌ನ ಬಾಣದ ಗುಂಡಿ ತಲೆಬರಹದ ಸೆಲ್‌ನ ಕೆಳಬದಿಯ ಬಲ ಮೂಲೆಯಲ್ಲಿ ಕೂರುತ್ತದೆ. ನೆಟ್ಟಗಿನ ಬರಹ ಶುರುವಾಗುವುದೂ ಅಲ್ಲಿಂದಲೇ, ಹಾಗಾಗಿ ಮೊದಲ ಅಕ್ಷರ ಗುಂಡಿಯ ಅಡಿಗೆ ಸೇರಿಹೋಗುತ್ತದೆ. ಇದಕ್ಕೆ ಮದ್ದು ಹಳೆಯ ಸರ್ಕಾರಿ ನಮೂನೆಗಳಲ್ಲೇ ಇದೆ. ಅವುಗಳಲ್ಲಿ ತಲೆಬರಹದ ಕೆಳಗೆ 1, 2, 3 ಎಂದು ಕಾಲಂ ಸಂಖ್ಯೆಗಳ ಒಂದು ತೆಳು ಸಾಲು ಇರುತ್ತದೆ. ಆ ಸಾಲನ್ನು ಎಕ್ಸೆಲ್‌ನಲ್ಲೂ ಬರೆದು, ಅದರಿಂದ ಕೊನೆಯ ಶಾಲೆಯವರೆಗೆ ಆರಿಸಿಕೊಂಡು Ctrl+Shift+L ಒತ್ತಿದರೆ ಬಾಣದ ಗುಂಡಿಗಳೆಲ್ಲ ಸಂಖ್ಯೆಗಳ ಸಾಲಿಗೆ ಇಳಿಯುತ್ತವೆ, ತಲೆಬರಹ ಬಿಡುಗಡೆಯಾಗುತ್ತದೆ. Freeze Panes ಹಾಕುವಾಗ ಆ ಸಾಲಿನ ಕೆಳಗೆ, ಶಾಲೆಯ ಹೆಸರಿನ ಬಲಕ್ಕೆ ಇರುವ ಸೆಲ್‌ನಲ್ಲಿ ನಿಂತು ಹಾಕಿದರೆ, ಎಷ್ಟು ಉರುಳಿಸಿದರೂ ಯಾವ ಶಾಲೆಯ ಯಾವ ಸೌಕರ್ಯ ಎಂಬುದು ಕಣ್ಣ ಮುಂದೆಯೇ ಇರುತ್ತದೆ.