ಎರಡು ಮಸೂರಗಳ ನಡುವಿನ ಅಂತರ

20 ಸೆಂ.ಮೀ. ಸಂಗಮದೂರದ ಪೀನ ಮಸೂರಕ್ಕೆ 10 ಸೆಂ.ಮೀ. ಸಂಗಮದೂರದ ನಿಮ್ನ ಮಸೂರವನ್ನು ತಾಗಿಸಿ ಹಿಡಿದರೆ, ಆ ಜೋಡಿ ಬೆಳಕನ್ನು ಚದುರಿಸುತ್ತದೆ. ಅವೆರಡನ್ನು 15 ಸೆಂ.ಮೀ. ದೂರವಿಟ್ಟರೆ ಅದೇ ಜೋಡಿ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಪೀನ ಮಸೂರ ದಾಟಿದ ಕಿರಣಗಳು ಅಕ್ಷದ ಕಡೆಗೆ ವಾಲುತ್ತ ಸಾಗುತ್ತವೆ. ನಿಮ್ನ ಮಸೂರ ದೂರವಿದ್ದಷ್ಟೂ ಅವು ಅದರ ನಡುಭಾಗದ ಸಮೀಪ ಬೀಳುತ್ತವೆ, ಅಲ್ಲಿ ಅವನ್ನು ಹೊರಕ್ಕೆ ಬಾಗಿಸುವ ಶಕ್ತಿ ಕಡಿಮೆ.

ಸೂತ್ರದಲ್ಲಿ ಅಂತರ d ಬರುವುದು ಈ ಕಾರಣಕ್ಕೆ:

1/F = 1/f₁ + 1/f₂ − d/(f₁f₂)

ಪೀನಕ್ಕೆ ಧನ ಚಿಹ್ನೆ, ನಿಮ್ನಕ್ಕೆ ಋಣ. f₁ = 20, f₂ = −10, d = 15 ಎಂದಿಟ್ಟರೆ 1/F = 0.05 − 0.10 + 0.075 = 0.025. ಅಂದರೆ ಸಮಾನ ಸಂಗಮದೂರ 40 ಸೆಂ.ಮೀ. d ಸರಿಯಾಗಿ 10 ಸೆಂ.ಮೀ. ಆದಾಗ 1/F ಸೊನ್ನೆಯಾಗುತ್ತದೆ: ಸಮಾಂತರವಾಗಿ ಬಂದ ಕಿರಣಗಳು ಸಮಾಂತರವಾಗಿಯೇ ಹೊರಬೀಳುತ್ತವೆ. ಗೆಲಿಲಿಯೋ ಮಾದರಿಯ ದೂರದರ್ಶಕದ ಜೋಡಣೆ ಇದೇ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. F = 40 ಎಂದು ಸಿಕ್ಕೊಡನೆ, ಅಷ್ಟು ಸಂಗಮದೂರದ ಒಂಟಿ ಮಸೂರ ಮೊದಲ ಮಸೂರದ ಜಾಗದಲ್ಲೋ ಎರಡನೆಯದರ ಜಾಗದಲ್ಲೋ ಇದೆಯೆಂದು ಭಾವಿಸಿ ಲೆಕ್ಕ ಮಾಡುವವರು ಬಹಳ. ಆದರೆ F ಅನ್ನು ಅಳೆಯಬೇಕಾದದ್ದು ಪ್ರಧಾನ ಸಮತಲದಿಂದ, ಮತ್ತು ಆ ಸಮತಲ ಗಾಜಿನಲ್ಲೇ ಇರಬೇಕೆಂದಿಲ್ಲ. ಆದ್ದರಿಂದ ಪ್ರತಿಬಿಂಬದ ಸ್ಥಾನಕ್ಕೆ ಒಂದೊಂದೇ ಮಸೂರವನ್ನು ದಾಟಿಕೊಂಡು ಹೋಗುವುದು ಹೆಚ್ಚು ಭದ್ರವಾದ ದಾರಿ.

ವಸ್ತು ಪೀನ ಮಸೂರದ ಮುಂದೆ 120 ಸೆಂ.ಮೀ. ದೂರದಲ್ಲಿದೆ ಎನ್ನೋಣ. 1/v = 1/20 − 1/120 ಆದುದರಿಂದ ಆ ಮಸೂರ ಒಂದೇ ಇದ್ದಿದ್ದರೆ ಪ್ರತಿಬಿಂಬ ಅದರ ಹಿಂದೆ 24 ಸೆಂ.ಮೀ.ನಲ್ಲಿ ಮೂಡುತ್ತಿತ್ತು. ನಿಮ್ನ ಮಸೂರ 15 ಸೆಂ.ಮೀ.ನಲ್ಲೇ ಅಡ್ಡ ಬರುವುದರಿಂದ ಕಿರಣಗಳು ಕೂಡಬೇಕಿದ್ದ ಬಿಂದು ಅದರಾಚೆ 24 − 15 = 9 ಸೆಂ.ಮೀ. ಉಳಿಯುತ್ತದೆ. ಅದೇ ಎರಡನೆಯ ಮಸೂರಕ್ಕೆ ಮಿಥ್ಯಾ ವಸ್ತು; ಬಲಗಡೆ ಇರುವುದರಿಂದ u = +9. ಇಲ್ಲಿ −9 ಎಂದು ಬರೆದರೆ ಇಡೀ ಉತ್ತರ ಕೆಡುತ್ತದೆ. 1/v = 1/9 − 1/10 = 1/90. ಕೊನೆಯ ಪ್ರತಿಬಿಂಬ ನಿಮ್ನ ಮಸೂರದ ಹಿಂದೆ 90 ಸೆಂ.ಮೀ.ನಲ್ಲಿ, ತಲೆಕೆಳಗಾಗಿ, ವಸ್ತುವಿನ ಎರಡರಷ್ಟು ದೊಡ್ಡದಾಗಿ ಮೂಡುತ್ತದೆ. F = 40 ಅನ್ನು ಮೊದಲ ಮಸೂರದಿಂದಲೇ ಅಳೆದಿದ್ದರೆ 60 ಸೆಂ.ಮೀ. ಎಂಬ ತಪ್ಪು ಉತ್ತರ ಬರುತ್ತಿತ್ತು.

ಬಹುದೂರದ ವಸ್ತುವಿಗೆ ಇದೇ ಜೋಡಿ ನಿಮ್ನ ಮಸೂರದ ಹಿಂದೆ 10 ಸೆಂ.ಮೀ.ನಲ್ಲಿ ಪ್ರತಿಬಿಂಬ ಕೊಡುತ್ತದೆ. ಮೊದಲ ಮಸೂರದಿಂದ ಅಲ್ಲಿಗೆ ಒಟ್ಟು 25 ಸೆಂ.ಮೀ., ಸಂಗಮದೂರವೋ 40. ಟೆಲಿಫೋಟೋ ಲೆನ್ಸ್ ಗಿಡ್ಡವಾಗಿರುವುದು ಹೀಗೆ. ಜೋಡಿಯನ್ನು ತಿರುಗಿಸಿ ನಿಮ್ನ ಮಸೂರವನ್ನು ಮುಂದಿಟ್ಟರೆ F 40 ಆಗಿಯೇ ಉಳಿಯುತ್ತದೆ, ಪ್ರತಿಬಿಂಬ ಮಾತ್ರ ಹಿಂದಿನ ಮಸೂರದಿಂದ 100 ಸೆಂ.ಮೀ. ದೂರ ಹೋಗುತ್ತದೆ. ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳ ವೈಡ್ ಆಂಗಲ್ ಲೆನ್ಸ್‌ಗಳಲ್ಲಿ ಬಳಸುವುದು ಈ ತಿರುವಿದ ಜೋಡಣೆಯನ್ನೇ. ಕನ್ನಡಿ ಮೇಲೇಳಲು ಲೆನ್ಸಿನ ಹಿಂದೆ ಜಾಗ ಬೇಕಾಗುತ್ತದೆ.