ಒಂಬತ್ತನೇ ಸುತ್ತಿಗೆ ಗಂಟು ಖಾಲಿ

ಗೆಳೆಯರೆ, ಕಾಮರ್ಸ್ ಓದುವವನು ಓಟದ ಬಗ್ಗೆ ಬರೆಯುವುದೇನು ಎಂದು ನಗಬೇಡಿ. ನಾನು ಹೇಳಹೊರಟದ್ದು ಒಂದು ಲೆಕ್ಕದ ಕತೆ. ಆ ಲೆಕ್ಕ ತಪ್ಪಿದ್ದಕ್ಕೆ ಕಾಲೇಜಿನ ತಂಡದಲ್ಲಿ ನನ್ನ ಜಾಗ ಹೋಯಿತು.

ಪುಣೆಗೆ ಬಂದ ಮೇಲೆ ನನಗೆ ಓಟದ ಹುಚ್ಚು ಹತ್ತಿತು. ಹೋದ ವರ್ಷ 5000 ಮೀಟರ್ ಓಟಕ್ಕೆ ಆಯ್ಕೆ ಇತ್ತು. 22 ನಿಮಿಷದೊಳಗೆ ಮುಗಿಸಿದವರಿಗೆ ತಂಡದಲ್ಲಿ ಜಾಗ. ಯಾವ ವೇಗದಲ್ಲಿ ಓಡಿದರೆ ಕೊನೆಯವರೆಗೆ ಉಳಿಯಬಹುದು ಎಂದು ಮೊದಲೇ ತಿಳಿಯುವ ದಾರಿ ಹುಡುಕುತ್ತಿದ್ದಾಗ ‘ಕ್ರಿಟಿಕಲ್ ಸ್ಪೀಡ್’ ಎಂಬ ಮಾತು ಸಿಕ್ಕಿತು. ನಿರ್ಣಾಯಕ ವೇಗ ಎನ್ನೋಣ.

ವಿಚಾರ ಹೀಗಿದೆ. ಪ್ರತಿಯೊಬ್ಬನಿಗೂ ಒಂದು ವೇಗವಿದೆ. ಅದಕ್ಕಿಂತ ಕೆಳಗೆ ಓಡಿದರೆ ಉಸಿರಾಟ, ರಕ್ತದಲ್ಲಿ ಸೇರುವ ಲ್ಯಾಕ್ಟೇಟ್ ಎಲ್ಲ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ. ಅದನ್ನು ದಾಟಿದರೆ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತವೆ. ಆದರೆ ದಾಟಿದ ಕೂಡಲೇ ಯಾರೂ ಬೀಳುವುದಿಲ್ಲ. ಪ್ರತಿಯೊಬ್ಬನ ಹತ್ತಿರವೂ ಒಂದು ಗಂಟು ಇರುತ್ತದೆ. ಆ ವೇಗದ ಮೇಲೆ ಓಡುವಷ್ಟು ಹೊತ್ತು ಗಂಟಿನಿಂದ ಖರ್ಚಾಗುತ್ತದೆ. ಗಂಟು ಮುಗಿದರೆ ವೇಗ ಇಳಿಸಲೇಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಿರ್ಣಾಯಕ ವೇಗ ಎಂದರೆ ನಿತ್ಯದ ಸಂಪಾದನೆ, ಗಂಟು ಎಂದರೆ ಕೂಡಿಟ್ಟ ದುಡ್ಡು. ವಿಚಿತ್ರವೆಂದರೆ ಈ ಗಂಟನ್ನು ಅಳೆಯುವುದು ಮೀಟರಿನಲ್ಲಿ. 1965ರಲ್ಲಿ ಮೊನೊ ಮತ್ತು ಶೆರರ್ ಎಂಬ ಇಬ್ಬರು ಸ್ನಾಯುಗಳ ಕೆಲಸದ ಬಗ್ಗೆ ಇಂಥ ಲೆಕ್ಕ ಬರೆದರು. ಓಟಕ್ಕೆ ಅದು ಆಮೇಲೆ ಬಂತು.

ಸೂತ್ರ ಒಂದೇ ಸಾಲಿನದು:

ಓಡಿದ ದೂರ = (ನಿರ್ಣಾಯಕ ವೇಗ × ಸಮಯ) + ಗಂಟು

ಗೊತ್ತಿಲ್ಲದವು ಎರಡು. ಅದಕ್ಕೇ ಎರಡು ಓಟ ಬೇಕು, ಎರಡನ್ನೂ ಜೀವ ಬಿಟ್ಟು ಓಡಬೇಕು. ಚಿಕ್ಕದು ಎರಡು ನಿಮಿಷಕ್ಕಿಂತ ಕಡಿಮೆ ಇರಬಾರದು, ದೊಡ್ಡದು ಹದಿನೈದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು, ನಡುವೆ ಪೂರ್ತಿ ವಿಶ್ರಾಂತಿ ಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ನಾನು ಮೂರು ಸುತ್ತು (1200 ಮೀಟರ್) ಒಂದು ದಿನ, ಒಂಬತ್ತು ಸುತ್ತು (3600 ಮೀಟರ್) ಎರಡು ದಿನ ಬಿಟ್ಟು ಓಡಿದೆ. ಮೂರು ಸುತ್ತಿಗೆ 5 ನಿಮಿಷ, ಅಂದರೆ 300 ಸೆಕೆಂಡ್. ಒಂಬತ್ತಕ್ಕೆ 15 ನಿಮಿಷ, ಅಂದರೆ 900 ಸೆಕೆಂಡ್.

ದೂರದ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ನಿರ್ಣಾಯಕ ವೇಗ. 2400 ಭಾಗಿಸು 600, ಸೆಕೆಂಡಿಗೆ 4 ಮೀಟರ್. ಗಂಟು? 1200ರಲ್ಲಿ 4 × 300 ಕಳೆದರೆ ಸೊನ್ನೆ. ನಾನು ಸೊನ್ನೆಯ ಕಡೆ ನೋಡಲೇ ಇಲ್ಲ, ನಾಲ್ಕರ ಕಡೆ ನೋಡಿ ಹಿಗ್ಗಿದೆ. ಸುತ್ತಿಗೆ 100 ಸೆಕೆಂಡಿನಂತೆ ಓಡುತ್ತಲೇ ಇರಬಹುದು ಎಂದು ಕಾಗದ ಹೇಳುತ್ತಿತ್ತು.

ಆಯ್ಕೆಯ ದಿನ ಹಾಗೇ ಓಡಿದೆ. ಎಂಟು ಸುತ್ತು ಗಡಿಯಾರದ ಹಾಗೆ. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಕಾಲು ಕಟ್ಟಿಗೆಯಾದವು. ಹತ್ತನೇ ಸುತ್ತಿನಲ್ಲಿ ನಡೆದೆ, ಆಮೇಲೆ ಹೊರಗೆ ಬಂದು ಕೂತೆ.

ಆ ರಾತ್ರಿ ಹಾಸ್ಟೆಲಿನಲ್ಲಿ ನಮ್ಮ ವಿಜಾಪುರದ ಅಣ್ಣನ ಮುಂದೆ ಕಾಗದ ಇಟ್ಟೆ. ಎರಡೂ ದಿನ ಸ್ಟಾಪ್‌ವಾಚ್ ಹಿಡಿದವನು ಅವನೇ. “ತಮ್ಮಾ, ಮೂರು ಸುತ್ತಿಗೂ ಒಂಬತ್ತು ಸುತ್ತಿಗೂ ಒಂದೇ ವೇಗ ಐತಿ ನೋಡು. ಹಂಗ ಯಾರರ ಓಡ್ತಾರೇನು? ಮೂರು ಸುತ್ತು ಮುಗಿಸಿ ನೀ ನಕ್ಕೋತ ಬಂದಿದ್ದಿ. ಅದು ಪರೀಕ್ಷಾ ಹೆಂಗಾತು?” ಎಂದ. ನಿಜ. ಮುಂದಿನ ದೊಡ್ಡ ಓಟಕ್ಕೆ ಶಕ್ತಿ ಉಳಿಸಬೇಕೆಂದು ಮೊದಲನೆಯದರಲ್ಲಿ ಕೈ ಬಿಗಿ ಹಿಡಿದಿದ್ದೆ.

ಇಲ್ಲೇ ಈ ಲೆಕ್ಕದ ಮೋಸ ಇದೆ. ದೊಡ್ಡ ಓಟದಲ್ಲಿ ಸೋಮಾರಿತನ ಮಾಡಿದರೆ ನಿರ್ಣಾಯಕ ವೇಗ ಕಡಿಮೆ ಬರುತ್ತದೆ, ಗಂಟು ದೊಡ್ಡದು ಕಾಣುತ್ತದೆ. ಚಿಕ್ಕ ಓಟದಲ್ಲಿ ಸೋಮಾರಿತನ ಮಾಡಿದರೆ ಅದರ ತಿರುವುಮುರುವು: ಗಂಟು ಸಣ್ಣದಾಗುತ್ತದೆ, ನಿರ್ಣಾಯಕ ವೇಗ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕಡಿಮೆ ಶ್ರಮಪಟ್ಟವನಿಗೆ ಲೆಕ್ಕ ಹೆಚ್ಚು ಅಂಕ ಕೊಡುತ್ತದೆ! ಗುರುತು ಹಿಡಿಯಲು ಗಂಟನ್ನೇ ನೋಡಬೇಕು. ಓಟಗಾರರಲ್ಲಿ ಅದು ಸಾಮಾನ್ಯವಾಗಿ 100ರಿಂದ 300 ಮೀಟರಿನ ನಡುವೆ ಬರುತ್ತದೆ. ಸೊನ್ನೆಯೋ ಋಣವೋ ಬಂದರೆ ಚಿಕ್ಕ ಓಟ ಸುಳ್ಳು.

ವಾರ ಬಿಟ್ಟು ಮೂರು ಸುತ್ತನ್ನು ಮತ್ತೆ ಓಡಿದೆ, ಮುಗಿಸಿ ಹುಲ್ಲಿನ ಮೇಲೆ ಬಿದ್ದೆ. 4 ನಿಮಿಷ 30 ಸೆಕೆಂಡ್, ಅಂದರೆ 270. ಈಗ 2400 ಭಾಗಿಸು 630, ಸೆಕೆಂಡಿಗೆ 3.81 ಮೀಟರ್, ಸುತ್ತಿಗೆ 105 ಸೆಕೆಂಡ್. ಗಂಟು 1200ರಲ್ಲಿ 1029 ಕಳೆದು 171 ಮೀಟರ್.

ಈ ಎರಡು ಅಂಕಿ ಕೈಗೆ ಬಂದ ಮೇಲೆ ಆಯ್ಕೆಯ ದಿನದ ಖರ್ಚಿನ ಪಟ್ಟಿ ಬರೆದೆ. 100 ಸೆಕೆಂಡಿನಲ್ಲಿ ನನ್ನ ಸಂಪಾದನೆ 381 ಮೀಟರ್, ಓಡಿದ್ದು 400. ಪ್ರತಿ ಸುತ್ತಿಗೆ 19 ಮೀಟರ್ ಗಂಟಿನಿಂದ ಹೋಯಿತು. ಒಂಬತ್ತು ಸುತ್ತಿಗೆ 171. ಗಂಟು ಖಾಲಿಯಾದದ್ದು ನಾನು ಕಟ್ಟಿಗೆಯಾದ ಜಾಗದಲ್ಲೇ!

5000 ಮೀಟರಿಗೆ ಹನ್ನೆರಡೂವರೆ ಸುತ್ತು. 5000ದಲ್ಲಿ 171 ಕಳೆದು 3.81ರಿಂದ ಭಾಗಿಸಿದರೆ ಸುಮಾರು 1267 ಸೆಕೆಂಡ್, ಅಂದರೆ 21 ನಿಮಿಷ 7 ಸೆಕೆಂಡ್. ಸುತ್ತಿಗೆ 101.4 ಸೆಕೆಂಡ್. ನಾನು ಓಡಿದ್ದಕ್ಕೂ ಇದಕ್ಕೂ ಸುತ್ತಿಗೆ ಒಂದೂವರೆ ಸೆಕೆಂಡಿನ ಅಂತರ ಕೂಡ ಇಲ್ಲ.

ಆದರೆ ಒಂದು ಮಾತು. ಎರಡು ಬಿಂದುಗಳ ನಡುವೆ ಯಾವಾಗಲೂ ಒಂದು ಸರಳರೇಖೆ ಎಳೆಯಬಹುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದ್ದರಿಂದ ಎರಡೇ ಓಟವಿದ್ದರೆ ತಪ್ಪು ತಾನಾಗಿ ಹೊರಗೆ ಬೀಳುವುದಿಲ್ಲ. ಅದಕ್ಕೆ ಮೂರನೆಯದೊಂದು ಓಟ ಸಾಕ್ಷಿಗೆ ಬೇಕು. ಆರು ಸುತ್ತಿಗೆ ಲೆಕ್ಕ 9 ನಿಮಿಷ 45 ಸೆಕೆಂಡ್ ಎಂದಿತು. ಓಡಿದಾಗ ಬಂದದ್ದು 9 ನಿಮಿಷ 47. ಆಗ ನಂಬಿದೆ.

ರೇಖೆಯನ್ನು ಎರಡೂ ತುದಿಗೆ ಎಳೆಯಲೂಬಾರದು. ಸಮಯ ಸೊನ್ನೆ ಎಂದಿಟ್ಟರೆ ನಾನು ಕಣ್ಣು ಮಿಟುಕಿಸುವುದರೊಳಗೆ 171 ಮೀಟರ್ ಓಡಿರಬೇಕು! ಆದ್ದರಿಂದ 100 ಮೀಟರಿನ ಓಟಕ್ಕೆ ಇದು ಬಾರದು. ಇನ್ನೊಂದು ತುದಿಯಲ್ಲಿ, 105 ಸೆಕೆಂಡಿನ ಸುತ್ತು ಎಂದೆಂದಿಗೂ ಓಡಬಹುದು ಎನ್ನುತ್ತದೆ ಸೂತ್ರ. ನಿಜದಲ್ಲಿ ಆ ವೇಗದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು ಉಳಿಯುತ್ತಾರೆ, ನನ್ನ ಮಟ್ಟಿಗೆ ಏಳು ಕಿಲೋಮೀಟರಿನ ಹತ್ತಿರ. ಹತ್ತು ಕಿಲೋಮೀಟರ್ ಓಡುವುದಾದರೆ ಇನ್ನೂ ಸ್ವಲ್ಪ ನಿಧಾನ, ಮ್ಯಾರಥಾನ್ ಆದರೆ ಬಹಳ ನಿಧಾನ. 21 ನಿಮಿಷದ 5000 ಕೂಡ ಲೆಕ್ಕದ ಅಂಚಿನಲ್ಲೇ ಇರುವುದರಿಂದ ಒಂದಿಷ್ಟು ಸೆಕೆಂಡ್ ಬಿಟ್ಟುಕೊಡಬೇಕು. ನಾನು ಸುತ್ತಿಗೆ 102 ಎಂದು ಹಿಡಿದು ಅಣ್ಣನೊಬ್ಬನ ಮುಂದೆ ಓಡಿದೆ. 21 ನಿಮಿಷ 18 ಸೆಕೆಂಡ್ ಆಯಿತು.

ಮುಗಿಸಿ ಕೂತಾಗ ಇನ್ನೊಂದು ಭಾಗಾಕಾರ ಮಾಡಿದೆ, ಮಾಡಬಾರದಿತ್ತು. ಆಯ್ಕೆಗೆ ಬೇಕಾಗಿದ್ದ 22 ನಿಮಿಷ ಎಂದರೆ ಸುತ್ತಿಗೆ 105.6 ಸೆಕೆಂಡ್. ನನ್ನ ಸಂಪಾದನೆಯೇ 105. ಗಂಟಿಗೆ ಕೈ ಹಾಕದೆಯೇ ತಂಡ ಸೇರಬಹುದಿತ್ತು.